ಮೂರು ಟೈಲ್ಸ್ ಮುಂದಕ್ಕೆ

ಇನ್ನೂ ಕಟ್ಟದೇ ಇರುವ ಮನೆಯ ಫೋಟೋ ತೆಗೆಯುವುದು ನನ್ನ ಕೆಲಸ. ಶಿರಸಿ ಪೇಟೆಯ ಒಂದು ಬಾಡಿಗೆ ಕೋಣೆಯಲ್ಲಿ ಕೂತು, ಕಂಪ್ಯೂಟರಿನಲ್ಲಿ ಸುಳ್ಳು ಬಿಸಿಲು, ಸುಳ್ಳು ಗಿಡ, ಸುಳ್ಳು ಸಂಜೆ ಮಾಡಿಕೊಡುತ್ತೇನೆ. ಈ ಕೆಲಸದಲ್ಲಿ ಹೆದರುವಂಥದ್ದು ಎಂತ ಇದೆ ಎಂದು ನಾನೇ ನಗುತ್ತಿದ್ದೆ. ಈಗ ನಗುವುದಿಲ್ಲ.

ಬನವಾಸಿ ಕಡೆಯ ಬಟ್ಟೆ ವ್ಯಾಪಾರಿಯೊಬ್ಬರು ಇಲ್ಲೇ ಪೇಟೆಯಲ್ಲಿರುವ ತಮ್ಮ ಅಂಗಡಿಯ ತಾರಸಿಯ ಮೇಲೆ ತೋಟ ಮಾಡಬೇಕೆಂದು ಬಂದರು. ನಮ್ಮಲ್ಲಿ ತಾರಸಿ ಕಂಡರೆ ಮೊದಲು ತಗಡು ಹೊದೆಸುತ್ತಾರೆ, ಮಳೆಯ ಊರು. ಇವರಿಗೆ ಆಕಾಶ ಕಾಣಬೇಕಿತ್ತಂತೆ. ನೆರಳಿಗೆ ಮರದ ಪಟ್ಟಿಯ ಪರ್ಗೋಲ ಎಂಬ ಚಪ್ಪರ, ಎರಡು ಉದ್ದನೆಯ ಗಿಡದ ತೊಟ್ಟಿ, ಸಂಜೆಗೆ ಹಳದಿ ದೀಪದ ಸರ. ಇಂಜಿನಿಯರ್ ಬರೆದುಕೊಟ್ಟ ನಕ್ಷೆಯಲ್ಲಿ ತೊಟ್ಟಿಗಳು ಸರಿಯಾಗಿ ಗೋಡೆಯ ಮೇಲಿನ ತೊಲೆಯ ನೇರಕ್ಕೇ ಇದ್ದವು. ನಾನೂ ಹಾಗೇ ಇಟ್ಟೆ. ಚಿತ್ರದ ಎಡಮೂಲೆ ಬೋಳಾಗಿ ಕಂಡಿತು. ತೊಟ್ಟಿಗಳನ್ನು ಮೌಸಿನಲ್ಲಿ ಹಿಡಿದು ರಸ್ತೆಯ ಕಡೆಗೆ ಮೂರು ಟೈಲ್ಸ್ ಎಳೆದೆ. ಅಲ್ಲಿ ಸ್ಲ್ಯಾಬು ಗೋಡೆ ದಾಟಿ, ಕೆಳಗೆ ಕಂಬವಿಲ್ಲದೆ, ಬೀದಿಯ ಮೇಲೆ ಚಾಚಿಕೊಂಡಿದೆ. ಕಂಪ್ಯೂಟರಿನ ಮಣ್ಣಿಗೆ ಭಾರವಿಲ್ಲವಲ್ಲ, ನನಗೆ ಅದು ಹೊಳೆಯಲೇ ಇಲ್ಲ. ಎಲೆಯ ಸಂದಿಯಲ್ಲಿ ದೀಪ ಇಣುಕಿತು, ಚೆಂದ ಬಂತು, ಕಳಿಸಿದೆ.

ಮಳೆಗಾಲದ ನಡುವೆ ಅವರು ಫೋನ್ ಮಾಡಿ, ತೋಟ ಮುಗಿದಿದೆ, ಚಿತ್ರದ ಹಾಗೇ ಒಂದು ಫೋಟೋ ತೆಗೆಯಿರಿ ಎಂದರು. ಸಂಜೆ ಹೋದೆ. ಮಳೆ ಆಗಷ್ಟೇ ಬಿಟ್ಟಿತ್ತು, ದೀಪ ಹತ್ತಿಸಿದ್ದರು. ಬಣ್ಣದ ಚಿತ್ರ ಬಂದ ಮೇಲೆ ಇಂಜಿನಿಯರ ನಕ್ಷೆಯನ್ನು ಯಾರೂ ಬಿಚ್ಚಿರಲೇ ಇಲ್ಲ ಎಂದು ಆಗ ತಿಳಿಯಿತು. ಮೇಸ್ತ್ರಿ ನನ್ನ ಚಿತ್ರವನ್ನು ಗೋಡೆಗೆ ಅಂಟಿಸಿಕೊಂಡು, ಅದರೊಳಗಿನ ಟೈಲ್ಸ್ ಎಣಿಸಿ, ಇಟ್ಟಿಗೆಯಲ್ಲಿ ತೊಟ್ಟಿ ಕಟ್ಟಿದ್ದ. ಒಂದು ಟೈಲ್ಸ್ ಕೂಡ ಆಚೀಚೆ ಆಗಿರಲಿಲ್ಲ.

ನನ್ನ ಚಿತ್ರವನ್ನು ಮೊಬೈಲಿನಲ್ಲಿ ತೆರೆದು, ಅದೇ ಕೋನದಲ್ಲಿ ನಿಂತು ಹೋಲಿಸಿದೆ. ಎಲ್ಲ ಹೊಂದಿತು, ತೊಟ್ಟಿಯ ಅಂಚು ಮಾತ್ರ ಹೊಂದಲಿಲ್ಲ. ನನ್ನ ಕೈ ವಾಲಿದೆ ಎಂದುಕೊಂಡು ಮೊಬೈಲು ನೆಟ್ಟಗೆ ಹಿಡಿದೆ. ಆದರೂ ಅಂಚು ರಸ್ತೆಯ ಕಡೆಗೆ ಇಳಿದೇ ಇತ್ತು. ಕಣ್ಣು ಕೆಳಗಿಳಿಸಿದರೆ, ಗೋಡೆಯ ನೇರಕ್ಕೆ ಟೈಲ್ಸುಗಳು ಸಾಲಾಗಿ ಬಿರಿದು, ಈ ತುದಿಯಿಂದ ಆ ತುದಿಗೆ ಗೆರೆ ಬಿದ್ದಿತ್ತು. ಉಗುರು ಹೋಗುವಷ್ಟು. ಚಾಚಿದ ಸ್ಲ್ಯಾಬು ಮೇಲಿನಿಂದ ಬಿರಿಯುತ್ತದೆ, ಕೆಳಗೆ ನಿಂತವರಿಗೆ ಸುಳಿವೇ ಸಿಗುವುದಿಲ್ಲ. ಮಳೆ ಕುಡಿದ ಅಷ್ಟು ಮಣ್ಣು ಒಂದೊಂದು ತೊಟ್ಟಿಗೆ ಎರಡು ಟನ್ ಆದರೂ ಆಗುತ್ತದೆ.

ಇನ್ನೊಂದು ಮಾತನ್ನೂ ಹೇಳಿಬಿಡಬೇಕು, ನಾಚಿಕೆಯಾದರೂ. ಆ ಹೊತ್ತಿಗೆ ನನ್ನ ತಲೆಗೆ ಬಂದ ಮೊದಲ ಯೋಚನೆ, ಸುಮ್ಮನೆ ಫೋಟೋ ತೆಗೆದು ಮನೆಗೆ ಹೋಗುವುದು. ತಪ್ಪು ನನ್ನದೆಂದು ಯಾರಿಗೆ ಗೊತ್ತಾಗುತ್ತದೆ?

"ಯಾಕ್ರಿ ಮೇಡಂ, ಹಂಗ್ಯಾಕ ನಿಂತ್ರಿ? ಚಲೋ ಬರವಲ್ದೇನು?" ಎನ್ನುತ್ತ ಯಜಮಾನರು ತೊಟ್ಟಿಯ ಕಡೆಗೆ ಹೆಜ್ಜೆ ಇಟ್ಟರು.

"ಅಲ್ಲಿಗೆ ಹೋಗಬೇಡಿ. ಆ ತೊಟ್ಟಿಯನ್ನ ಅಲ್ಲಿ ಇಟ್ಟಿದ್ದು ನಾನು. ನೋಡೋಕೆ ಚೆಂದ ಅಂತ ಇಟ್ಟೆ. ಸ್ಲ್ಯಾಬು ತಡೆಯೋದಿಲ್ಲ."

ಅವರು ಗೆರೆ ನೋಡಿದರು, ನನ್ನನ್ನು ನೋಡಿದರು, ಇಟ್ಟ ಹೆಜ್ಜೆ ಹಿಂದಕ್ಕೆ ತೆಗೆದರು. ಇಂಜಿನಿಯರಿಗೆ ಫೋನ್ ಮಾಡಿದೆ. ಅವರು ಬೈಯಲೂ ಇಲ್ಲ. ಯಾರೂ ಮೇಲೆ ಓಡಾಡಬೇಡಿ, ಮಣ್ಣು ಮುಟ್ಟಬೇಡಿ, ಮೊದಲು ಕೆಳಗಿನ ಜನರನ್ನು ಎಬ್ಬಿಸಿ ಎಂದರು.

ಕೆಳಗಿನ ಜನ! ಆ ಚಾಚಿನ ಕೆಳಗೆ ಹೂವಿನ ಅಕ್ಕ ಕೂರುತ್ತಾಳೆ. ವಾರಕ್ಕೆರಡು ಸಲ ಅವಳ ಹತ್ತಿರವೇ ಮಲ್ಲಿಗೆ ಕೊಳ್ಳುವವಳು ನಾನು. ಮೆಟ್ಟಿಲು ಹೇಗೆ ಇಳಿದೆನೋ ದೇವರಿಗೇ ಗೊತ್ತು. ಮತ್ತೆ ಹನಿ ಶುರುವಾಗಿತ್ತು. ಅಕ್ಕನ ಜೊತೆ ಇನ್ನಿಬ್ಬರು ಹೆಂಗಸರು ಮಳೆಗೆ ಚಾಚಿನ ಅಡಿಗೆ ಸರಿದು ನಿಂತಿದ್ದರು. ಏಳಿ, ಆಚೆ ಬನ್ನಿ ಎಂದೆ. ಅವರಿಬ್ಬರು ನನ್ನ ಮುಖ ನೋಡಿಯೇ ಆಚೆ ಹೋದರು, ಅಕ್ಕ ಏಳಲಿಲ್ಲ. ಶುಕ್ರವಾರ ಸಂಜೆ ಯಾಪಾರದ ಹೊತ್ತು, ಹೂ ನೆನೆದುಹೋಗುತ್ತದೆ ಎಂದು ಗೊಣಗಿದಳು. ಬೇರೆ ದಾರಿ ಕಾಣದೆ ಅವಳ ಹೂಬುಟ್ಟಿಯನ್ನೇ ಎತ್ತಿಕೊಂಡು ರಸ್ತೆ ದಾಟಿಬಿಟ್ಟೆ. ಬೈಯುತ್ತಲೇ ಬುಟ್ಟಿಯ ಹಿಂದೆ ಓಡಿಬಂದಳು.

ಅದು ಬೀಳಲಿಲ್ಲ. ಇಂಜಿನಿಯರ್ ಬಂದು ಬೀದಿಗೆ ಹಗ್ಗ ಕಟ್ಟಿಸಿದರು. ಕೆಳಗಿನಿಂದ ಕಬ್ಬಿಣದ ಕಂಬದ ಆಸರೆ ಕೊಟ್ಟು, ಮರುದಿನ ಬುಟ್ಟಿ ಬುಟ್ಟಿಯಾಗಿ ಮಣ್ಣು ತೆಗೆಸಿದರು. ಕಂಬ ನಿಲ್ಲಿಸುವವರೆಗೂ ನಾನು ಎದುರಿನ ಅಂಗಡಿಯ ಕಟ್ಟೆಯ ಮೇಲೆ, ಅಕ್ಕನ ಪಕ್ಕ, ಮೇಲೆ ನೋಡುತ್ತ ಕೂತಿದ್ದೆ. ಯಾರೂ ಆರಿಸದ ಆ ದೀಪದ ಸರ ಚೆಂದವಾಗಿ ಉರಿಯುತ್ತಿತ್ತು.

ನಡೆದದ್ದನ್ನೆಲ್ಲ ಅಕ್ಕನಿಗೆ ಹೇಳಿದೆ. ಚಿತ್ರ ತೋರಿಸು ಎಂದಳು. ಮೊಬೈಲನ್ನು ಹತ್ತಿರ ಹಿಡಿದು, ಗಿಡ, ಕುರ್ಚಿ, ದೀಪ ಎಲ್ಲ ನೋಡಿದಳು. ಆಮೇಲೆ ಚಿತ್ರದ ಕೆಳಗಿನ ಅಂಚನ್ನು ಬೆರಳಿನಿಂದ ಮೇಲಕ್ಕೆ ತಳ್ಳಿ ತಳ್ಳಿ ನೋಡಿದಳು, ಬೀದಿ ಬರಲಿಲ್ಲ.

"ಚೆಂದ ಉಂಟು ತಂಗಿ," ಅಂದಳು. "ಇದರಲ್ಲಿ ನಾನು ಎಲ್ಲಿ ಕೂತಿದ್ದೆ?"