ಅರ್ಧ ಮುಳುಗಿದ ಮರದ ತುಂಡು

ಇಪ್ಪತ್ತು ವರ್ಷದಿಂದ ಶಾಲೆಯ ಪ್ರಯೋಗಾಲಯದಲ್ಲಿ ಗಾಜಿನ ಸಾಮಾನು ತೊಳೆಯುತ್ತ ಬಂದ ಲ್ಯಾಬ್ ಅಕ್ಕ ಯಾರಿಗೂ ಎದುರಾಡಿದವಳಲ್ಲ. ಅವತ್ತು ಪ್ರಾಯೋಗಿಕ ಪರೀಕ್ಷೆಯಲ್ಲಿ ಮಾತ್ರ ಅವಳ ಮೈಯೆಲ್ಲ ಉರಿಯಿತು. ತೊಟ್ಟಿಯಲ್ಲಿ ತೇಲುವ ಮರದ ತುಂಡು ಅರ್ಧ ಮುಳುಗಿದೆಯೆಂದು ಬರೆದ ಹುಡುಗಿಗೆ ಪರೀಕ್ಷಕರು ಸೊನ್ನೆ ಹಾಕಿ, "ಹತ್ತರಲ್ಲಿ ಆರು ಪಾಲು ಮುಳುಗಬೇಕು, ಸುಳ್ಳು ಬರೀತೀಯಾ?" ಎಂದು ಗದರಿದ್ದರು.

"ತೊಟ್ಟಿಯಲ್ಲಿರೋದು ಬರೀ ನೀರಲ್ಲ, ಉಪ್ಪುನೀರು ಸಾರ್. ಪ್ರಶ್ನೆಯಲ್ಲೂ ಹಾಗೇ ಇದೆ, ಬೆಳಿಗ್ಗೆ ನಾನೇ ಕಲಸಿದ್ದು," ಎಂದಳು ಅಕ್ಕ.

"ನೀನು ಗಾಜು ತೊಳಿಯಮ್ಮ, ಸಾಕು."

"ತೊಳೀತೀನಿ. ಮರದ ಸಾಂದ್ರತೆ ಆರುನೂರು, ಈ ನೀರಿನದು ಸಾವಿರದ ಇನ್ನೂರು. ಭಾಗಿಸಿ, ಅರ್ಧ ಬರುತ್ತೋ ಇಲ್ವೋ ನೋಡಿ! ಪ್ರಶ್ನೆ ಓದದೇನೇ ಮಗೂನ ಸುಳ್ಳಿ ಅಂತೀರಲ್ಲ!"

ಪರೀಕ್ಷಕರು ತೊಟ್ಟಿಗೆ ಬೆರಳದ್ದಿ ನಾಲಿಗೆಗೆ ತಾಗಿಸಿ ಮುಖ ಕಿವುಚಿದರು. ಸೊನ್ನೆ ಹೊಡೆದುಹಾಕಿ ಪೂರ್ತಿ ಅಂಕ ಬರೆದರು.

ಅಕ್ಕ ಕದಲಲಿಲ್ಲ. "ಸುಳ್ಳು ಅಂದಿದ್ದನ್ನೂ ವಾಪಸ್ ತಗೊಳ್ಳಿ ಸಾರ್."