ಒಂದು ರೂಪಾಯಿ ಕಮ್ಮಿ ಬಿದ್ದ ಚಲನ್

ತುಮಕೂರಿನ ಚೌಡಪ್ಪನವರ ಮನೆಯಲ್ಲಿ ಸೊಸೆ ಶಾಂತಲಾ ಮಧ್ಯಾಹ್ನದ ಹೊತ್ತು ಏನು ಮಾಡುತ್ತಾಳೆ ಎಂದು ಯಾರನ್ನು ಕೇಳಿದರೂ ಒಂದೇ ಉತ್ತರ ಸಿಗುತ್ತಿತ್ತು: ಫೋನ್ ನೋಡುತ್ತಾಳೆ. ಅದು ಸುಳ್ಳೇನಲ್ಲ. ಒಂದು ಕೈಯಲ್ಲಿ ಮುದ್ದೆ ಕೋಲು, ಇನ್ನೊಂದು ಕೈಯಲ್ಲಿ ಫೋನು. ಒಲೆಯ ಮೇಲಿನ ಹಿಟ್ಟು ಗಂಟಾಗುವ ಮೊದಲು ಅವಳು ಫೋನಿನ ಪರದೆಯನ್ನು ಎರಡು ಬೆರಳಲ್ಲಿ ಹಿಗ್ಗಿಸಿ, ತುಟಿ ಅಲ್ಲಾಡಿಸುತ್ತಾ ಏನೋ ಗುಣಿಸಿ, ಆಮೇಲೆ ಒಂದು ಹೆಬ್ಬೆಟ್ಟಿನ ಚಿತ್ರ ಒತ್ತಿ ಫೋನನ್ನು ಸಕ್ಕರೆ ಡಬ್ಬದ ಮೇಲೆ ಇಡುತ್ತಿದ್ದಳು.

ಆ ಹೆಬ್ಬೆಟ್ಟಿಗಾಗಿ ಎರಡು ಊರಲ್ಲಿ ಇಬ್ಬರು ಗಂಡಸರು ಬ್ಯಾಂಕಿನ ಬಾಗಿಲಲ್ಲಿ ಕಾಯುತ್ತಾ ನಿಂತಿರುತ್ತಿದ್ದರು.

ಚೌಡಪ್ಪನವರದು ಹಿಂಡಿ, ಬೂಸಾ ವ್ಯಾಪಾರ. ತುಮಕೂರಿನ ದೊಡ್ಡಂಗಡಿಯಲ್ಲಿ ಅವರೂ ಹಿರಿಯ ಮಗ, ಶಾಂತಲಾಳ ಗಂಡ ಭಾನುಪ್ರಕಾಶನೂ ಕೂರುತ್ತಿದ್ದರು. ಗುಬ್ಬಿಯ ಅಂಗಡಿಗೆ ಹಳೇ ನೌಕರ ಕದರಯ್ಯ, ಕುಣಿಗಲ್ಲಿನದಕ್ಕೆ ಕಿರಿಯ ಮಗ ಅಂಜನ್. ಈ ಎರಡು ಅಂಗಡಿಯ ನಗದನ್ನು ದಿನಾ ಅಲ್ಲಲ್ಲಿನ ಬ್ಯಾಂಕಿನಲ್ಲಿ ಕಟ್ಟಬೇಕು. ಒಮ್ಮೆ ಅಂಜನ್ ಬರೆದ ಚಲನ್ ತಪ್ಪಿ, ಕ್ಯಾಷಿಯರು ತಿದ್ದಿದ್ದನ್ನು ತಗೊಳ್ಳಲ್ಲ ಎಂದು ಮುಖದ ಮೇಲೆ ಎಸೆದು, ಅವನು ಹೊಸದು ಬರೆದು ಮತ್ತೆ ಸಾಲಿನ ಬಾಲಕ್ಕೆ ನಿಲ್ಲುವಂತಾದಾಗ ಶಾಂತಲಾ ಒಂದು ಕಟ್ಟಲೆ ಮಾಡಿದಳು: ಚಲನ್ ಬರೆದ ಮೇಲೆ ಸಾಲಿಗೆ ನಿಲ್ಲುವ ಮೊದಲು ಫೋಟೋ ಹಾಕಿ, ನಾನು ನೋಡಿ ಹೇಳುತ್ತೇನೆ. ಕಟ್ಟಿದ ಮೇಲೆ ಸೀಲು ಬಿದ್ದು ವಾಪಸು ಬರುವ ಅರ್ಧ ಚಲನಿನದು ಇನ್ನೊಂದು ಫೋಟೋ, ಅದನ್ನು ಬ್ಯಾಂಕಿನ ಮೆಸೇಜಿಗೆ ತಾಳೆ ಹಾಕುತ್ತೇನೆ.

ಅವಳ ನೋಟಕ್ಕೊಂದು ಕ್ರಮವಿತ್ತು. ಮೊದಲು ಒಂದೊಂದೇ ಸಾಲು: ಐನೂರರದು ಎಷ್ಟು ನೋಟು, ಗುಣಿಸಿದರೆ ಎದುರಿಗೆ ಬರೆದದ್ದೇ ಬರುತ್ತದೆಯೋ. ಇನ್ನೂರು, ನೂರು, ಐವತ್ತು, ಕೆಳಗೆ ಚಿಲ್ಲರೆಯವರೆಗೂ ಹಾಗೇ. ಆಮೇಲೆ ಬಲಗಡೆಯ ಮೊತ್ತಗಳನ್ನೆಲ್ಲ ಕೂಡಿ ಒಟ್ಟಿಗೆ ಹೋಲಿಸುವುದು, ಕೊನೆಗೆ ಅಕ್ಷರದಲ್ಲಿ ಬರೆದದ್ದು. ತಪ್ಪು ಕಂಡರೂ ತಾನೇ ಸರಿ ಹೇಳುತ್ತಿರಲಿಲ್ಲ. ನೋಟಿನ ಲೆಕ್ಕ ತಪ್ಪಿದೆಯೋ ಗುಣಿಸಿದ್ದು ತಪ್ಪಿದೆಯೋ ಫೋಟೋ ಹೇಗೆ ಹೇಳೀತು? “ಆ ಸಾಲಿನ ನೋಟು ಇನ್ನೊಂದ್ಸಲ ಎಣಿಸಿ” ಎನ್ನುತ್ತಿದ್ದಳು. ಅಷ್ಟರಲ್ಲಿ ಸಾರು ಉಕ್ಕುತ್ತಿತ್ತು.

ಇದರ ಜೊತೆಗೆ ಮಾವನ ನಾಣ್ಯದ ಕೆಲಸ. ಸೊನ್ನೆಯಲ್ಲಿ ಮುಗಿಯುವ ಮೊತ್ತ ಕಟ್ಟಿದರೆ ಲಕ್ಷ್ಮಿ ಬಾಗಿಲು ಹಾಕಿಕೊಳ್ಳುತ್ತಾಳೆಂಬುದು ಚೌಡಪ್ಪನವರ ನಂಬಿಕೆ. ಆದ್ದರಿಂದ ಎಲ್ಲ ಚಲನ್ನೂ ಒಂದರಲ್ಲಿ ಮುಗಿಯಬೇಕು. ನಂಬಿಕೆ ಅವರದು, ಪ್ರತಿ ಸೋಮವಾರ ವಾರಕ್ಕಾಗುವಷ್ಟು ಒಂದು ರೂಪಾಯಿ ನಾಣ್ಯ ಹುಡುಕಿ ತಂದು, ಹುಣಸೆಹಣ್ಣಲ್ಲಿ ತಿಕ್ಕಿ, ದೇವರ ಮುಂದೆ ಇಟ್ಟು, ಕುಂಕುಮ ಹಚ್ಚಿ, ಪೊಟ್ಟಣ ಕಟ್ಟಿ ಎರಡು ಅಂಗಡಿಗೂ ಲೋಡಿನ ಜೊತೆ ಕಳಿಸುವುದು ಶಾಂತಲಾಳದು. ಅದನ್ನೂ ಯಾರೂ ಕೆಲಸ ಎನ್ನುತ್ತಿರಲಿಲ್ಲ. ಭಕ್ತಿ ಎನ್ನುತ್ತಿದ್ದರು.

ಒಂದು ಭಾನುವಾರ ಊಟದ ನಂತರ ಚೌಡಪ್ಪನವರು ವೀಳ್ಯದೆಲೆ ಮಡಿಸುತ್ತಾ ಸುದ್ದಿ ಹೇಳಿದರು. “ಯಾಪಾರ ಬೆಳೀತು ಕಣ್ಲಾ ಭಾನು. ಒಬ್ಬ ಹುಡುಗನ್ನ ಇಟ್ಕಳಾಣ. ಚಲನ್ ನೋಡೋದು, ಬ್ಯಾಂಕ್ ತಾಳೆ ಹಾಕೋದು, ಅಷ್ಟೆ. ಹದಿನಾರು ಸಾವ್ರ ಕೇಳ್ತಾವ್ನೆ. ಕೊಡಾಣ ಬುಡು.”

ತಟ್ಟೆ ಎತ್ತುತ್ತಿದ್ದ ಶಾಂತಲಾ ನಿಂತಳು. “ಮಾವ, ಅದು ನಾನು ಮಾಡ್ತಿರೋ ಕೆಲ್ಸ ಅಲ್ವಾ?”

“ಹೌದಮ್ಮ. ನಿಂಗೂ ಪುರುಸೊತ್ತಾಯ್ತದೆ.”

“ಪುರುಸೊತ್ತು ಬ್ಯಾಡ ಮಾವ. ಆ ಹದಿನಾರು ಸಾವ್ರ ನಂಗೇ ಕೊಡಿ. ನನ್ನ ಖಾತೆಗೆ.”

ಗಂಡಸರಿಬ್ಬರೂ ನಕ್ಕರು. ಭಾನುಪ್ರಕಾಶ ನಗುತ್ತಲೇ, “ನಿಂಗ್ಯಾಕೆ ಸಂಬಳ ಕಣೇ, ಮನೇದೆಲ್ಲಾ ನಿಂದೇ ಅಲ್ವಾ?” ಎಂದ.

“ಎಲ್ಲಾ ನಂದೇ ಆದ್ರೆ ಹೋದ ತಿಂಗ್ಳು ಚಪ್ಲಿಗೆ ಆರುನೂರು ಕೇಳಿದಾಗ ಹಳೇದು ಹೊಲಿಸ್ಕೋ ಅಂದ್ರಲ್ಲ, ಅದ್ಯಾರ್ದು ರೀ?”

ಚೌಡಪ್ಪನವರಿಗೆ ಮಾತು ಹಿಡಿಸಲಿಲ್ಲ. “ಹೆಬ್ಬೆಟ್ ಒತ್ತೋಕೂ ಸಂಬಳ ಅಂದ್ರೆ, ನಾಳೆ ಉಸ್ರಾಡೋಕೂ ಕೇಳ್ತೀಯ. ಚಲನ್ ನೋಡೋದು ಒಂದ್ ಕೆಲ್ಸವಾ? ನಾನೇ ನೋಡ್ತೀನಿ ಹೋಗು.”

“ಆಗ್ಲಿ ಮಾವ,” ಎಂದಳು ಶಾಂತಲಾ. “ನಾಳೆಯಿಂದ ನೀವೇ ನೋಡಿ. ನಾಣ್ಯದ ಪೊಟ್ಟಣಾನೂ ನಿಮ್ದೇ.”

ಅವಳು ಮುನಿಸಿಕೊಂಡು ಹಾಗಲವಾಡಿಯ ತವರಿಗೆ ಹೋಗಲಿಲ್ಲ, ಮುಸುಕೆಳೆದು ಮಲಗಲೂ ಇಲ್ಲ. ಮರುದಿನ ಮುದ್ದೆಯನ್ನು ಎರಡೂ ಕೈಯಿಂದ ತಿರುವಿದಳು. ಅಂದಿನಷ್ಟು ನುಣ್ಣನೆಯ ಮುದ್ದೆಯನ್ನು ತಾನು ಈ ಮನೆಗೆ ಬಂದ ಮೇಲೆ ತಿಂದೇ ಇಲ್ಲ ಎಂದು ಅತ್ತೆ ರಂಗಲಕ್ಷ್ಮಮ್ಮನವರೇ ಹೇಳಿದರು.

ಅತ್ತ ಅಂಗಡಿಯಲ್ಲಿ ಚೌಡಪ್ಪನವರು ಕನ್ನಡಕ ಏರಿಸಿ ಕೂತಿದ್ದರು. ಮೊದಲು ಗುಬ್ಬಿಯ ಫೋಟೋ ಬಂತು. ಕದರಯ್ಯನ ಬಳಿ ಇದ್ದದ್ದು ಹಳೆಯ ಚಲನ್ ಕಟ್ಟು. ಅದರಲ್ಲಿ ಇನ್ನೂರರ ಸಾಲೇ ಅಚ್ಚಾಗಿಲ್ಲ, ಎರಡು ಸಾವಿರದ ಸಾಲಿದೆ. ಕದರಯ್ಯ ಎಂದಿನಿಂದಲೂ ಆ ಎರಡು ಸಾವಿರದ ಕೊನೆಯ ಸೊನ್ನೆಗೊಂದು ಗೆರೆ ಎಳೆದು ಅದನ್ನು ಇನ್ನೂರು ಮಾಡಿಕೊಳ್ಳುತ್ತಿದ್ದ. ಅವನ ಬೆರಳಿನ ನೆರಳು ಬಿದ್ದು ಫೋಟೋದಲ್ಲಿ ಗೆರೆ ಕಾಣಲಿಲ್ಲ.

“ಏನ್ಲಾ ಕದರಾ!” ಚೌಡಪ್ಪನವರು ಫೋನಿನಲ್ಲಿ ಅಬ್ಬರಿಸಿದರು. “ನಿಂತೋಗಿರೋ ನೋಟು ನಲ್ವತ್ತೊಂದು ಈಸ್ಕಂಡಿದೀಯಲ್ಲೋ! ಎರಡು ಸಾವಿರದ ನೋಟು ಯಾವನ್ಲಾ ಕೊಟ್ಟಿದ್ದು?”

“ಅದು ಇನ್ನೂರು ಬುದ್ದಿ. ಎದ್ರುಗಡೆ ಎಂಟು ಸಾವ್ರದ ಇನ್ನೂರು ಅಂತ ಬರ್ದಿಲ್ವಾ? ಅಕ್ಕಾವ್ರು ಯಾವತ್ತೂ ಕೇಳಿರಲಿಲ್ಲ.”

ನಲವತ್ತೊಂದನ್ನು ಇನ್ನೂರರಿಂದ ಗುಣಿಸಿದ್ದರೆ ಆಗಲೇ ತಿಳಿಯುತ್ತಿತ್ತು. ಆದರೆ ಚೌಡಪ್ಪನವರು ಗುಣಿಸಿರಲಿಲ್ಲ. ಗುಣಾಕಾರ ಹೆಂಗಸರ ಕೆಲಸವೆಂದು ಅವರಿಗೆ ಯಾರೂ ಹೇಳಿರಲಿಲ್ಲ. ಮಾಡಿ ಅಭ್ಯಾಸ ತಪ್ಪಿತ್ತು, ಅಷ್ಟೆ. ಅವರು ಒಟ್ಟಿನ ಕೊನೆಯ ಅಂಕಿ ನೋಡಿದರು. ಒಂದು ಇತ್ತು. ಹೆಬ್ಬೆಟ್ಟು ಒತ್ತಿದರು.

ಎರಡೂವರೆ ದಾಟಿದ ಮೇಲೆ ಕುಣಿಗಲ್ಲಿನದು ಬಂತು. ಐನೂರರದು ನೂರ ಅರವತ್ತನಾಲ್ಕು, ಎಂಬತ್ತೆರಡು ಸಾವಿರ. ಇನ್ನೂರರದು ಮೂವತ್ತೇಳು, ಏಳು ಸಾವಿರದ ನಾನೂರು. ನೂರರದು ಐವತ್ತೆಂಟು, ಐದು ಸಾವಿರದ ಎಂಟುನೂರು. ಐವತ್ತರದು ಇಪ್ಪತ್ತಮೂರು, ಸಾವಿರದ ನೂರೈವತ್ತು. ಇಪ್ಪತ್ತರದು ಹದಿನಾಲ್ಕು, ಇನ್ನೂರ ಎಂಬತ್ತು. ಹತ್ತರದು ಹದಿನೇಳು, ನೂರ ಎಪ್ಪತ್ತು. ನಾಣ್ಯದ ಸಾಲು ಖಾಲಿ. ಒಟ್ಟು ತೊಂಬತ್ತಾರು ಸಾವಿರದ ಎಂಟುನೂರ ಒಂದು.

ಕೊನೆಯಲ್ಲಿ ಒಂದು ಇದೆ. “ಶುಭ,” ಎಂದು ಚೌಡಪ್ಪನವರು ಹೆಬ್ಬೆಟ್ಟು ಒತ್ತಿ ಕಾಫಿಗೆ ಹೇಳಿದರು.

ಅಂಜನ್ ಸಾಲಿನಲ್ಲಿ ನಿಂತು ಕೌಂಟರ್ ತಲುಪುವ ಹೊತ್ತಿಗೆ ಮೂರೂ ಹತ್ತು. ಕ್ಯಾಷಿಯರಮ್ಮ ನೋಟನ್ನು ಯಂತ್ರಕ್ಕೆ ಹಾಕಿ, ಚಲನ್ ಮೇಲೆ ಪೆನ್ನಾಡಿಸಿ, ತಲೆ ಎತ್ತಿದಳು. “ಇಲ್ಲಿರೋದು ತೊಂಬತ್ತಾರು ಸಾವಿರದ ಎಂಟ್ನೂರು. ಆ ಒಂದ್ರುಪಾಯಿ ಎಲ್ಲಿ?”

ಅಂಜನ್ ಜೇಬು ತಡಕಿದ. ಕದರಯ್ಯನ ಬಳಿ ಹಳೆಯದೊಂದು ನಾಣ್ಯ ಉಳಿದಿತ್ತು, ಇವನ ಹೋದ ವಾರದ ಪೊಟ್ಟಣ ಮುಗಿದಿತ್ತು, ಈ ವಾರದ್ದು ಬಂದಿರಲಿಲ್ಲ. ಕೈ ಮಾತ್ರ ರೂಢಿಯಂತೆ ಒಂದು ಎಂದು ಬರೆದುಬಿಟ್ಟಿತ್ತು. “ಮೇಡಂ, ಒಂದ್ರುಪಾಯಿ ತಾನೇ...”

“ಒಂದ್ರುಪಾಯಿ ತಾನೇ ಅಂತ ನನ್ ಪರ್ಸಿಂದ ಹಾಕ್ಲಾ? ನಾಣ್ಯ ಕೊಟ್ಟು ಆ ಸಾಲು ತುಂಬಿ, ಇಲ್ಲಾ ಎಂಟ್ನೂರಕ್ಕೆ ಬೇರೆ ಚಲನ್ ಬರೀರಿ. ಒಟ್ಟು ತಿದ್ದಿದ್ರೆ ನಡಿಯಲ್ಲ.”

ಅಂಜನ್ ಸಾಲಿನುದ್ದಕ್ಕೂ ಒಂದು ರೂಪಾಯಿ ನಾಣ್ಯ ಬೇಡಿದ. ಹುಲಿಯೂರುದುರ್ಗದಿಂದ ಬಂದಿದ್ದ ಮುದುಕರೊಬ್ಬರು, “ನಾನೇ ಬೀಡಿಗೆ ಸ್ಕ್ಯಾನ್ ಮಾಡ್ತೀನಿ ಕಣಪ್ಪ,” ಎಂದರು. ಪಕ್ಕದ ಟೀ ಅಂಗಡಿಯವನು ಒಂದು ರೂಪಾಯಿಯ ಚಾಕ್ಲೇಟ್ ಕೊಟ್ಟ. ಕೊನೆಗೆ ಅಂಜನ್ ಅಪ್ಪನಿಗೆ ಫೋನ್ ಮಾಡಿ, ಎಂಟುನೂರಕ್ಕೇ ಬೇರೆ ಚಲನ್ ಬರೆಯಲೇ ಎಂದು ಕೇಳಿದ.

“ಸೊನ್ನೇಲಿ ಮುಗಿಸ್ತೀಯೇನ್ಲಾ? ಸೋಮವಾರ ದಿನ? ಎಲ್ಲಾದ್ರೂ ನಾಣ್ಯ ಹುಡುಕು!”

“ಇಲ್ಲ ಅಂತೀನಲ್ಲಪ್ಪಾ!”

“ಹುಡುಕ್ಲಾ!”

ಅವನು ಹುಡುಕುತ್ತಿರುವಾಗಲೇ ಮೂರೂವರೆಯಾಗಿ ನಗದು ಕೌಂಟರ್ ಮುಚ್ಚಿತು.

ಅದೇ ದಿನ ಪಶು ಆಹಾರದ ಕಂಪನಿಯವರು ಚೌಡಪ್ಪನವರ ಚೆಕ್ ಹಾಕಿದ್ದರು. ಕುಣಿಗಲ್ಲಿನ ಹಣವನ್ನು ನಂಬಿ ಬರೆದ ಚೆಕ್ಕು ಅದು. ಖಾತೆಯಲ್ಲಿ ಹಣ ಸಾಲದೆ ವಾಪಸಾಯಿತೆಂದು ಸಂಜೆ ಮೆಸೇಜು ಬಂತು, ಹಿಂದೆಯೇ ದಂಡದ ಮೆಸೇಜು. ಅದರ ಹಿಂದೆ ಕಂಪನಿಯವರ ಫೋನು: ಹಣ ಬರುವವರೆಗೆ ಲೋಡು ವಸಂತನರಸಾಪುರದ ಗೋಡೌನಿನಿಂದ ಅಲ್ಲಾಡುವುದಿಲ್ಲ, ಇನ್ನು ಮೇಲೆ ಸಾಲದ ಮೇಲೆ ಮಾಲೂ ಇಲ್ಲ.

ಭಾನುಪ್ರಕಾಶ ಮನೆಗೆ ಬಂದವನೇ ಅಡುಗೆಮನೆಯ ಬಾಗಿಲಲ್ಲಿ ನಿಂತ. “ನಿಂಗೊತ್ತಿತ್ತು ತಾನೇ? ಒಂದ್ಸಲ ನೋಡಿದ್ರೆ ಏನಾಗ್ತಿತ್ತು?”

“ಕೆಲ್ಸವೇ ಅಲ್ಲ ಅಂದ್ರಲ್ಲ ರೀ,” ಶಾಂತಲಾ ಸೊಪ್ಪು ಬಿಡಿಸುತ್ತಲೇ ಹೇಳಿದಳು. “ಕೆಲ್ಸವಲ್ಲದ್ದನ್ನ ಮಾಡ್ದೆ ಬಿಟ್ರೆ ನಷ್ಟ ಹೆಂಗಾಯ್ತದೆ?”

ಅಂಜನ್ ಕುಣಿಗಲ್ಲಿಂದ ಬಂದಿದ್ದ, ನೋಟಿನ ಚೀಲ ಇನ್ನೂ ಕಂಕುಳಲ್ಲೇ ಇತ್ತು. “ಅಪ್ಪಾ, ಅತ್ತಿಗೆಗೆ ಕೊಡು ಆ ಕೆಲ್ಸ. ಇಲ್ದಿದ್ರೆ ನಾಳೆಯಿಂದ ನೀನೇ ಬಂದು ಸಾಲ್ನಲ್ಲಿ ನಿಂತ್ಕೋ.”

ಚೌಡಪ್ಪನವರು ಬಹಳ ಹೊತ್ತು ಎಲೆಗೆ ಸುಣ್ಣ ಹಚ್ಚಿದರು. ಮೊದಲು ಎಂಟು ಸಾವಿರ ಎಂದರು. ಆಮೇಲೆ ಹತ್ತು, ಸೀರೆ ಬೇರೆ ಎಂದರು.

“ಆ ಹುಡುಗನಿಗೂ ಹತ್ತು ಸಾವ್ರ, ಪ್ಯಾಂಟ್ ಬೇರೆ ಅಂದಿದ್ರಾ ಮಾವ? ಹದಿನಾರು. ಅಂಗಡೀಲಿ ಒಂದು ಕುರ್ಚಿ, ಹತ್ತರಿಂದ ಐದೂವರೆ. ಮತ್ತೆ ನೋಟು ಕೂಡಿದ್ರೆ ಎಷ್ಟು ಬರುತ್ತೋ ಅಷ್ಟೇ ಒಟ್ಟು. ಸೊನ್ನೆ ಬಂದ್ರೆ ಸೊನ್ನೆ.”

ಅಷ್ಟರಲ್ಲಿ ಕಂಪನಿಯವರ ಫೋನು ಮತ್ತೆ ಬಡಿದುಕೊಂಡಿತು. “ಆಯ್ತು ಕಣಮ್ಮ!” ಎಂದರು ಚೌಡಪ್ಪನವರು, ಅದನ್ನು ಎತ್ತುವ ಮುಂಚೆಯೇ.

ಶಾಂತಲಾ ಮರುದಿನವೇ ಅಂಗಡಿಗೆ ಹೊರಟಳು. ಹನ್ನೊಂದರ ಹೊತ್ತಿಗೆ ಕುಣಿಗಲ್ಲಿನ ಹಣ ಕಟ್ಟಾಯಿತು, ಎರಡು ದಿನದಲ್ಲಿ ಲೋಡು ಬಂತು. ಆದರೆ ಮಧ್ಯಾಹ್ನ ಊಟಕ್ಕೆ ಮನೆಗೆ ಬಂದ ಗಂಡಸರು ಒಲೆ ತಣ್ಣಗಿರುವುದನ್ನು ಕಂಡರು. ರಂಗಲಕ್ಷ್ಮಮ್ಮನವರು, ಮಂಡಿ ನೋವು, ರಾತ್ರಿಯ ಒಂದು ಹೊತ್ತಿಗಿಂತ ಹೆಚ್ಚು ಒಲೆ ಮುಂದೆ ನಿಲ್ಲಲಾರೆ ಎಂದು ಮೊದಲೇ ಹೇಳಿದ್ದರು, ಯಾರೂ ಕೇಳಿಸಿಕೊಂಡಿರಲಿಲ್ಲ. ಹೋಟೆಲಿನ ಊಟ ಒಂದು ವಾರ ನಡೆಯಿತು. ಚೌಡಪ್ಪನವರ ಹೊಟ್ಟೆ ಕೆಟ್ಟ ಮೇಲೆ ಅಡುಗೆಗೆ ಜನ ನೋಡುವುದೆಂದಾಯಿತು.

ಪಕ್ಕದ ಬೀದಿಯ ನೇತ್ರಾವತಿ ಬಂದು ಹಾಲ್‌ನಲ್ಲಿ ನಿಂತು ತನ್ನ ದರ ಹೇಳಿದಳು. “ಎರಡೊತ್ತಿನ ಅಡುಗೆಗೆ ಹನ್ನೆರಡು ಸಾವಿರ. ಪಾತ್ರೆ ತೊಳೆಯಲ್ಲ. ಭಾನುವಾರ ಬರಲ್ಲ. ಮುದ್ದೆಗೆ ಐನೂರು ಜಾಸ್ತಿ, ರಟ್ಟೆ ನೋಯ್ತದೆ.”

“ಮುದ್ದೆಗೆ ದುಡ್ಡಾ!” ಎಂದು ಚೌಡಪ್ಪನವರು ಹೌಹಾರಿದರು.

ಗೋಡೆಗೊರಗಿ ಮಂಡಿಗೆ ಎಣ್ಣೆ ತಿಕ್ಕುತ್ತಿದ್ದ ರಂಗಲಕ್ಷ್ಮಮ್ಮನವರ ಕೈ ನಿಂತಿತು. ಅವರು ಅಂಗಡಿಯಿಂದ ಆಗತಾನೆ ಬಂದು ಚಪ್ಪಲಿ ಬಿಡುತ್ತಿದ್ದ ಸೊಸೆಯನ್ನು ಹತ್ತಿರ ಕರೆದರು.

“ಶಾಂತಾ, ಫೋನ್ ತಗಿ ಮಗ. ನಾನು ಈ ಮನೆಗೆ ಬಂದಾಗ ನಂಗೆ ಹದಿನೇಳು. ಈಗ ಅರವತ್ತಾರು. ಭಾನುವಾರಾನೂ ಸೇರಿಸ್ಕೋ. ಪಾತ್ರೇನೂ ಸೇರಿಸ್ಕೋ. ಕೂಡು ನೋಡಾಣ, ಎಷ್ಟಾಯ್ತದೆ ಅಂತ.”

ಚೌಡಪ್ಪನವರು ಟವೆಲ್ ಹೆಗಲಿಗೆ ಹಾಕಿಕೊಂಡು ಎದ್ದು, ಯಾವ ಕೆಲಸವೂ ಇಲ್ಲದ ಹಿತ್ತಲಿಗೆ ಹೊರಟರು. ಶಾಂತಲಾ ಅತ್ತೆಯ ಪಕ್ಕದಲ್ಲಿ ಕೂತು, ಮೊದಲ ಸಾಲನ್ನು ಗುಣಿಸಲು ಶುರು ಮಾಡಿದಳು.