ಅರಿಶಿನ ಮೆತ್ತಿದ ಸರ್ಟಿಫಿಕೇಟು

ನನ್ನ ಹೆಸರಿಗೆ ಬಂದ ಮೊದಲ ರಿಜಿಸ್ಟರ್ ಕಾಗದವನ್ನು ಅಂಚೆಯವನು ಬಾಗಿಲಲ್ಲಿ ನಿಂತು ಕೊಟ್ಟಾಗ ನಮ್ಮವ್ವ ಎದೆ ಹಿಡಿದುಕೊಂಡು ಜಗುಲಿಯ ಮೇಲೆ ಕೂತುಬಿಟ್ಟಳು. ರಿಜಿಸ್ಟರ್ ಅಂದರೆ ಕೋರ್ಟು, ಇಲ್ಲವೇ ಸಾವು. ಮೂರನೆಯದು ಇದೆ ಎಂದು ಅವಳಿಗೆ ಗೊತ್ತಿರಲಿಲ್ಲ. ಮೂರನೆಯದು ನಾನು ಕೆಲಸ ಮಾಡುತ್ತಿದ್ದ ನೂಲಿನ ಗಿರಣಿಯಿಂದ ಬಂದಿತ್ತು.

ಎಪ್ಪತ್ತರ ದಶಕದ ಆರಂಭ. ತಮಿಳುನಾಡಿನ ಧರ್ಮಪುರಿ ಹತ್ತಿರದ ಅದಿಯಮಾನ್‌ಕೋಟೆಯಿಂದ ನಡೆದು ಹೋಗುವಷ್ಟು ದೂರದಲ್ಲಿ ನಮ್ಮೂರು. ಅಪ್ಪ ಕುರಿ ಹಿಂದೆ, ಅವ್ವ ಅಪ್ಪನ ಹಿಂದೆ; ಮನೆಯಲ್ಲಿ ಸೈರನ್ನಿಗೆ ಎದ್ದು ಬಸ್ಸು ಹಿಡಿಯುತ್ತಿದ್ದವಳು ನಾನೊಬ್ಬಳೇ. ಸೇಲಂ ರಸ್ತೆಯ ಗಿರಣಿಯಲ್ಲಿ ಕೋನ್ ವೈಂಡಿಂಗ್ ವಿಭಾಗ, ಅಂದರೆ ಸಣ್ಣ ಬಾಬಿನ್ನುಗಳ ನೂಲನ್ನು ದೊಡ್ಡ ಕೋನಿಗೆ ಸುತ್ತುವ ಜಾಗ. ಎಳೆ ಕಡಿದರೆ ಕಣ್ಣು ಮಿಟುಕಿಸುವಷ್ಟರಲ್ಲಿ ಗಂಟು ಹಾಕಬೇಕು. ನನ್ನಷ್ಟು ಚುರುಕಾಗಿ ಗಂಟು ಹಾಕುವವಳು ಆ ಪಾಳಿಯಲ್ಲಿ ಇರಲಿಲ್ಲ. ಜಂಬ ಅನ್ನಿ, ಪರವಾಗಿಲ್ಲ, ನಿಜ ಅದು.

ಹಾಗಿದ್ದವಳಿಗೆ ಎದೆಯ ಖಾಯಿಲೆ, ಅಂದರೆ ಕ್ಷಯ, ಅಂಟಿತು. ಹನ್ನೊಂದು ತಿಂಗಳು ರಜೆ, ಅದರಲ್ಲಿ ಆರು ತಿಂಗಳು ಆಸ್ಪತ್ರೆಯ ಹಾಸಿಗೆ. ಪಕ್ಕದ ಮಂಚದಲ್ಲಿ ಹೊಸೂರು ಕಡೆಯ ಕನ್ನಡ ಟೀಚರೊಬ್ಬರು ಇದ್ದರು. ತಮಿಳು ಶಾಲೆಯಲ್ಲಿ ಎಂಟನೇ ಕ್ಲಾಸು ಓದಿದ್ದ ನನಗೆ ಮನೆಮಾತಿನ ಅಕ್ಷರ ಕಲಿಸಿದವರು ಅವರೇ. ಖಾಯಿಲೆ ನನಗೆ ಕೊಟ್ಟಿದ್ದು ಅದೊಂದೇ ಒಳ್ಳೆಯದು. ಮಿಕ್ಕಿದ್ದೆಲ್ಲಾ ಹೆದರಿಕೆ. ನನ್ನ ಮೆಷಿನ್ನಿಗೆ ಬದಲಿ ಹುಡುಗಿಯೊಬ್ಬಳನ್ನು ಹಾಕಿದ್ದರು. ಅವಳೇ ಖಾಯಂ ಆಗಿಬಿಟ್ಟರೆ ನಾನು ಮತ್ತೆ ಕುರಿ ಹಿಂದೆ. ದಿನವೂ ಅದನ್ನೇ ಯೋಚಿಸಿ ಕೆಮ್ಮುತ್ತಿದ್ದೆ.

ಕಾಗದ ಬರೆದವರು ಗಿರಣಿಯ ವೆಲ್‌ಫೇರ್ ಆಫೀಸರು, ಕಾರ್ಮಿಕರ ಕ್ಷೇಮ ನೋಡಿಕೊಳ್ಳುವ ಅಧಿಕಾರಿ. ಐವತ್ತು ದಾಟಿದ, ನಿಧಾನ ಮಾತಿನ ತಮಿಳರು. ಮೇಲೆ ಇಂಗ್ಲಿಷ್ ಟೈಪು, ಕೆಳಗೆ ತಮಿಳಿನಲ್ಲಿ ಅದರದೇ ಅರ್ಥ. ಅದನ್ನು ನಾನು ಅವ್ವನಿಗೆ ಕನ್ನಡದಲ್ಲಿ ಓದಿ ಹೇಳಿದೆ. ಬರುವ ಸೋಮವಾರ ಬೆಳಿಗ್ಗೆ ಎಂಟಕ್ಕೆ ಹಾಜರಾಗಬೇಕು. ಬರುವಾಗ ಕಾರ್ಮಿಕರ ವಿಮೆ ಡಿಸ್ಪೆನ್ಸರಿಯ ಡಾಕ್ಟರು ಕೊಡುವ ಫೈನಲ್ ಸರ್ಟಿಫಿಕೇಟು, ಅಂದರೆ ಇವಳು ಇಂಥ ದಿನದಿಂದ ಕೆಲಸಕ್ಕೆ ಯೋಗ್ಯಳು ಎನ್ನುವ ಚೀಟಿ, ತರಬೇಕು. ಅದನ್ನು ನೋಡಿದ ಮೇಲೆ ಗಿರಣಿಯ ಡಾಕ್ಟರೂ ಎದೆ ಪರೀಕ್ಷೆ ಮಾಡುತ್ತಾರೆ. ಅವರು ಬರುವುದು ಸೋಮವಾರ ಮಾತ್ರ, ಅದೂ ಮಧ್ಯಾಹ್ನ ಒಂದರವರೆಗೆ. ತಪ್ಪಿದರೆ ಮುಂದಿನ ವಾರ.

ಮೊದಲ ಎರಡು ವಾರ ಅರ್ಧ ದಿನ, ಕೂತು ಕೋನ್ ಪರೀಕ್ಷಿಸುವ ಮೇಜಿನಲ್ಲಿ ಕೆಲಸ. ಆಮೇಲೆ ಮೂರು ವಾರ ಪೂರ್ತಿ ದಿನ, ಆದರೆ ಮೆಷಿನ್ನಿನಲ್ಲಿ ಕೋನು ತಿರುಗಿಸುವ ಡ್ರಮ್ಮುಗಳಲ್ಲಿ ಅರ್ಧ ಮಾತ್ರ. ಆರನೇ ವಾರ ಮತ್ತೆ ಪರೀಕ್ಷೆ, ಡಾಕ್ಟರು ಸರಿ ಅಂದರೆ ಪೂರ್ತಿ ಕೆಲಸ. ಭಾರ ಎತ್ತಬಾರದು, ಹತ್ತಿಯ ದೂಳಿನ ಕೋಣೆಗೆ ಕಾಲಿಡಬಾರದು. ಮಾತ್ರೆ ತರಲು ಡಿಸ್ಪೆನ್ಸರಿಗೆ ಹೋದ ದಿನವನ್ನು ತಪ್ಪಿಸಿಕೊಂಡ ದಿನ ಎಂದು ಬರೆಯುವುದಿಲ್ಲ.

"ಕೂತ್ಕಂಡು ಕೋನ್ ನೋಡಾದಾ? ನಾನೇನ್ ಮುದ್ಕಿಯಾ?" ಎಂದು ಕಾಗದದ ಮೇಲೇ ರೇಗಿದೆ.

"ಮುಂದಕ್ಕೆ ಓದೇ, ಬಾಯಿಬಡ್ಕಿ" ಅಂದಳು ಅವ್ವ.

ಕೊನೆಯ ಪ್ಯಾರಾ ಹೀಗಿತ್ತು: ನಿನ್ನ ಜಾಗ ನಿನಗೇ ಇದೆ. ಖಾಯಿಲೆ ಈಗ ಯಾರಿಗೂ ಅಂಟುವುದಿಲ್ಲ ಎಂದು ನಿನ್ನ ಜೊತೆಯವರಿಗೆ ತಿಳಿಸಿದ್ದೇವೆ. ಯಾರೂ ನಿನ್ನ ಲೋಟ ಬೇರೆ ಇಡುವಂತಿಲ್ಲ. ಕೆಲಸ ಭಾರವಾದರೆ ಸಹಿಸಿಕೊಂಡು ಸುಮ್ಮನಿರಬೇಡ, ಮೊದಲು ನನ್ನ ಹತ್ತಿರ ಬಂದು ಹೇಳು.

ಲೋಟದ ಸಾಲನ್ನು ಎರಡು ಸಲ ಓದಿದೆ. ರಜೆಗೆ ಮೊದಲು ಗಿರಣಿಯಲ್ಲಿ ನನ್ನ ಟೀ ಲೋಟವನ್ನು ಬೇರೆ ಇಡುತ್ತಿದ್ದ ವಿಷಯ ನಾನು ಯಾರಿಗೂ ಹೇಳಿರಲಿಲ್ಲ, ಅವ್ವನಿಗೂ. ಅವ್ವ ಅಳುತ್ತಾ ನಗುತ್ತಾ ಸೆರಗಿನಲ್ಲಿ ಮೂಗು ಒರೆಸಿಕೊಂಡು, "ಆ ಮನುಷ್ಯನ ಒಟ್ಟೆ ತಣ್ಣಗಿರ್ಲಿ" ಎಂದಳು.

ಶನಿವಾರ ಧರ್ಮಪುರಿಗೆ ಹೋದೆ. ವಿಮೆ ಡಿಸ್ಪೆನ್ಸರಿಯ ಡಾಕ್ಟರಮ್ಮ ಎಕ್ಸ್‌ರೇ ನೋಡಿ, ಆಸ್ಪತ್ರೆಯ ಚೀಟಿ ನೋಡಿ, ಸೋಮವಾರದಿಂದ ಹಗುರ ಕೆಲಸಕ್ಕೆ ಯೋಗ್ಯಳು ಎಂದು ಮಸಿಯಲ್ಲಿ ಬರೆದು, ರುಜು ಹಾಕಿ, ಅದರ ಪಕ್ಕ ದುಂಡನೆಯ ನೀಲಿ ಮೊಹರು ಒತ್ತಿದರು. ಬಸ್ಸಿನಲ್ಲಿ ಆ ಕಾಗದವನ್ನು ಮಡಿಲಲ್ಲಿಟ್ಟುಕೊಂಡು ಬಂದೆ.

ಇನ್ನು ನಮ್ಮವ್ವನ ಪದ್ಧತಿ. ಮನೆಗೆ ಯಾವ ಶುಭದ ಕಾಗದ ಬರಲಿ, ಅದಕ್ಕೆ ಅರಿಶಿನ ಹಚ್ಚದೆ ಅವಳು ಒಳಗಿಡುವವಳಲ್ಲ. ಲಗ್ನಪತ್ರಿಕೆ ಬಿಡಿ, ನಮ್ಮ ರೇಷನ್ ಕಾರ್ಡೂ ಹಳದಿ. ಭಾನುವಾರ ಸಂಜೆ ನಾನು ಸೀರೆ ಒಗೆಯಲು ಬಾವಿಗೆ ಹೋಗಿದ್ದಾಗ, ಮಗಳ ಮರುಹುಟ್ಟಿನ ಕಾಗದ ಎಂದು ಅವ್ವ ಸರ್ಟಿಫಿಕೇಟನ್ನು ದೇವರ ಮುಂದಿಟ್ಟು, ಅರಿಶಿನವನ್ನು ನೀರಲ್ಲಿ ಕಲೆಸಿ ನಾಲ್ಕು ಮೂಲೆಗೂ ಹಚ್ಚಿದಳು. ಅಷ್ಟಕ್ಕೇ ನಿಲ್ಲಿಸಿದ್ದರೆ ಈ ಕತೆಯೇ ಇರುತ್ತಿರಲಿಲ್ಲ. ಕೆಳಗೆ ದುಂಡಗೆ ಒಂದು ಗೆರೆ ಕಂಡಿತಂತೆ.

ಸೋಮವಾರ ಬೆಳಿಗ್ಗೆ ಕಾಗದ ಬಿಡಿಸಿದೆ. ಮೊಹರಿನ ಮೇಲೆ ಎಂಟಾಣೆ ನಾಣ್ಯದಷ್ಟು ಅಗಲದ ಅರಿಶಿನ, ಅದರ ನಡುವೆ ಕುಂಕುಮ. ಮಸಿ ಕದಡಿ ಡಾಕ್ಟರಮ್ಮನ ರುಜುವೂ ಇಲ್ಲ, ತಾರೀಖೂ ಇಲ್ಲ.

"ಅಯ್ಯೋ ಅವ್ವಾ, ಏನ್ ಮಾಡ್ದೆ ಇದು!"

"ಬೊಟ್ಟಿಕ್ಕಾಕೆ ಅಂತಾನೇ ದುಂಡುಗೆ ಜಾಗ ಬಿಟ್ಟವ್ರೆ ಅಂದ್ಕಂಡೆ ಕಣೇ" ಅಂದಳು ಅವ್ವ. ಅವಳ ಮುಖ ಬಾಡಿಹೋಗಿತ್ತು. ನಾನು ಆಡಬಾರದ ಮಾತೆಲ್ಲ ಆಡಿದೆ. ಈಗಲೂ ನೆನೆದರೆ ನಾಚಿಕೆಯಾಗುತ್ತದೆ. ಅವಳು ಚಪ್ಪಲಿ ಮೆಟ್ಟಿ ನನ್ನ ಹಿಂದೆಯೇ ಬಸ್ಸು ಹತ್ತಿದಳು.

ಗಿರಣಿ ಗೇಟಿನ ಟೈಮ್ ಆಫೀಸಿನಲ್ಲಿ ಗುಮಾಸ್ತ ಕಾಗದವನ್ನು ಎರಡು ಬೆರಳಲ್ಲಿ ಹಿಡಿದು, "ಎನ್ನಮ್ಮಾ ಇದು, ಪಂಚಾಂಗವಾ?" ಎಂದು ತಮಿಳಿನಲ್ಲಿ ಅಣಕಿಸಿದ. ಮೊಹರು ಕಾಣುತ್ತಿಲ್ಲ, ತಾರೀಖು ಓದಲಾಗುತ್ತಿಲ್ಲ, ಒಳಗೆ ಬಿಡುವಂತಿಲ್ಲ ಅಂದ. ಅವನು ಹೇಳಿದ್ದು ಸರಿಯೇ, ಅದಕ್ಕೇ ಇನ್ನೂ ಸಿಟ್ಟು ಬಂತು. ನನ್ನ ಕೂಗಾಟ ಕೇಳಿ ವೆಲ್‌ಫೇರ್ ಆಫೀಸರೇ ಹೊರಗೆ ಬಂದರು. ಕಾಗದ ನೋಡಿದರು, ಅವ್ವನ ಹಳದಿ ಬೆರಳು ನೋಡಿದರು, ಮೀಸೆಯಲ್ಲೇ ನಕ್ಕರು.

"ಹಾಗೇ ಬಿಟ್ಬಿಡಿ ಸಾರ್, ನಾನು ಗುಂಡುಕಲ್ಲಿನಂಗೆ ಇವ್ನಿ" ಎಂದು ತಮಿಳಿನಲ್ಲಿ ಗೋಗರೆದೆ.

"ಬಿಡಲ್ಲಮ್ಮಾ" ಅಂದರು. "ಈ ಚೀಟಿ ನನ್ನ ಫೈಲಿಗೋಸ್ಕರ ಅಲ್ಲ, ನಿನ್ನ ಎದೆಗೋಸ್ಕರ. ಅದಿಲ್ಲದೆ ನಿನ್ನನ್ನ ಒಳಗೆ ಬಿಟ್ಟು ನಾಳೆ ಏನಾದ್ರೂ ಆದ್ರೆ ನಿಮ್ಮಮ್ಮನಿಗೆ ನಾನು ಏನು ಹೇಳಲಿ?"

ಆಮೇಲೆ ಅವರು ನನಗೆ ಕಳಿಸಿದ್ದ ಪತ್ರದ ಬೆನ್ನಿಗೇ ಬರೆದರು: ಸೋಮವಾರ ಎಂಟು ಗಂಟೆಗೆ ಹಾಜರಾಗಿದ್ದಾಳೆ, ಸರ್ಟಿಫಿಕೇಟು ಓದಲಾಗದ ಸ್ಥಿತಿಯಲ್ಲಿದೆ, ನಕಲಿಗಾಗಿ ಡಿಸ್ಪೆನ್ಸರಿಗೆ ಕಳಿಸಿದೆ. "ಅಲ್ಲಿ ನಿನ್ನ ದಾಖಲೆ ಇರುತ್ತದೆ. ಮಧ್ಯಾಹ್ನ ಒಂದರೊಳಗೆ ಬಾ. ಓಡಬೇಡ, ನಡಿ" ಎಂದರು.

ಓಡಬೇಡ ಅಂದದ್ದು ನನಗೆ. ಅವ್ವನಿಗೆ ತಮಿಳು ಆಗ ಅರ್ಥವಾಗಲಿಲ್ಲವೋ, ಬೇಕೆಂದೇ ಕಿವಿಗೆ ಹಾಕಿಕೊಳ್ಳಲಿಲ್ಲವೋ, ಬಸ್ಸಿಗೆ ಕೈ ಅಡ್ಡ ಚಾಚಿ ರಸ್ತೆ ನಡುವೆ ಓಡಿದಳು. ಡಿಸ್ಪೆನ್ಸರಿಯಲ್ಲಿ ಗೋಡೆಯುದ್ದಕ್ಕೂ ಸಾಲು. ಹನ್ನೊಂದು ಹೊಡೆಯಿತು. ಹನ್ನೊಂದೂವರೆ. ಅವ್ವ ಸಾಲಿನಲ್ಲಿದ್ದ ಒಬ್ಬೊಬ್ಬರ ಮುಂದೆಯೂ ನಿಂತು, "ನನ್ ಮಗ್ಳು ಚೆನ್ನಾಗವ್ಳೆ, ತಪ್ಪು ನಂದು, ಒಸಿ ಜಾಗ ಬಿಡ್ರಪ್ಪಾ" ಎಂದು ಬೆರಳು ತೋರಿಸುತ್ತಾ ಮುಂದೆ ಸಾಗಿದಳು. ಜನ ನಗುತ್ತಾ ಬಿಟ್ಟರು. ನನಗೆ ಭೂಮಿಯೊಳಗೆ ಇಳಿದುಹೋಗೋಣ ಅನ್ನಿಸಿತು.

ಡಾಕ್ಟರಮ್ಮನ ಮುಂದೆ ಕೈಮುಗಿದು ಅವ್ವ ಅಂದಳು: "ಬರ್ದಿದ್ದು ನೀವು, ಅಳ್ಸಿದ್ದು ನಾನು. ನನ್ನ ಬಯ್ರಿ, ಅವ್ಳಿಗೆ ಕೊಡ್ರಿ."

ಡಾಕ್ಟರಮ್ಮ ನಕ್ಕು ನಕ್ಕು ಕನ್ನಡಕ ತೆಗೆದು ಕಣ್ಣೊರೆಸಿಕೊಂಡರು. ದಾಖಲೆ ತೆಗೆಸಿ ನೋಡಿ ಹೊಸ ಹಾಳೆಯಲ್ಲಿ ಅದನ್ನೇ ಬರೆದರು, ಮೇಲೆ ನಕಲು ಎಂದು ಗುರುತು ಹಾಕಿದರು, ಹಳದಿ ಕಾಗದದ ಮೇಲೆ ಅಡ್ಡ ಗೀಟು ಎಳೆದು ತಮ್ಮಲ್ಲೇ ಇಟ್ಟುಕೊಂಡರು. ಮೊಹರು ಒತ್ತುವಾಗ ಅವ್ವ ಎರಡೂ ಕೈಯನ್ನು ಬೆನ್ನ ಹಿಂದೆ ಕಟ್ಟಿಕೊಂಡಿದ್ದಳು.

ಒಂದಕ್ಕೆ ಹತ್ತು ನಿಮಿಷ ಇರುವಾಗ ಗೇಟು ಸೇರಿದೆವು. ಗಿರಣಿಯ ಡಾಕ್ಟರು ಚೀಲ ಮುಚ್ಚುತ್ತಿದ್ದರು, ಮತ್ತೆ ತೆರೆದರು. ಎದೆಗೆ, ಬೆನ್ನಿಗೆ ಸ್ಟೆಥೋಸ್ಕೋಪು ಇಟ್ಟು, ಉಸಿರೆಳಿ ಬಿಡು ಅಂದು, ಕೊನೆಗೆ ರುಜು ಹಾಕಿದರು. ಆ ಮಧ್ಯಾಹ್ನವೇ ನಾನು ಕೋನ್ ಮೇಜಿನಲ್ಲಿ ಕೂತೆ. ಮೂರು ಗಂಟೆಗೆ ಟೀ ಬಂತು. ನನ್ನ ಪಕ್ಕದ ಮೆಷಿನ್ನಿನ ಅಕ್ಕ ತನ್ನ ಲೋಟದಿಂದ ಅರ್ಧ ಕುಡಿದು, ಮಿಕ್ಕರ್ಧವನ್ನು ಅದೇ ಲೋಟದಲ್ಲಿ ನನ್ನ ಮುಂದೆ ತಳ್ಳಿ, "ಕುಡಿಯೇ, ಆರೋಗ್ತೈತೆ" ಅಂದಳು. ಜೀವಮಾನದಲ್ಲಿ ಅಷ್ಟು ರುಚಿಯ ಟೀ ಕುಡಿದಿಲ್ಲ.

ಕಾಗದದಲ್ಲಿದ್ದ ಹಾಗೇ ಎಲ್ಲ ನಡೆಯಿತು ಅಂದರೆ ಸುಳ್ಳಾಗುತ್ತದೆ. ಮೂರನೇ ವಾರ ಮೆಷಿನ್ನಿಗೆ ಬಂದ ಮೇಲೆ ನಾನು ಸುಮ್ಮನಿರಲಾರದೆ ಬದಲಿ ಹುಡುಗಿಯ ಕಡೆಯ ಡ್ರಮ್ಮುಗಳಿಗೂ ಕೈ ಹಾಕಿದೆ. ನನ್ನ ಚುರುಕು ಅವಳಿಗೆ ಕಾಣಲಿ ಎಂದು. ಹದಿನೈದೇ ನಿಮಿಷಕ್ಕೆ ಏದುಸಿರು ಬಂದು ಕಂಬ ಹಿಡಿದು ನಿಂತೆ. ಹೋಗಿ ಹೇಳು ಎಂದು ಪತ್ರದಲ್ಲಿ ಬರೆದಿತ್ತಲ್ಲ, ನಾನು ಹೋಗಲಿಲ್ಲ. ಆ ಹುಡುಗಿಯೇ ಓಡಿಹೋಗಿ ಹೇಳಿದಳು. ಆಫೀಸರು ಬೈಯಲಿಲ್ಲ. ಬೆಂಚಿನ ಮೇಲೆ ಕೂರಿಸಿ, "ಇವಳನ್ನ ನಿನ್ನ ಶತ್ರು ಅಂದುಕೊಂಡಿದ್ದೀಯಾ? ಹೊಸ ಮೆಷಿನ್ ಬಂದಿದೆ, ಇವಳಿಗೆ ಅಲ್ಲಿ ಜಾಗ ಆಗಿದೆ" ಅಂದರು. ಅವಳ ಮುಖ ನೋಡಲಾಗದೆ ತಲೆ ತಗ್ಗಿಸಿದೆ. ಅಂದಿನಿಂದ ಅರ್ಧ ಅಂದರೆ ಅರ್ಧವೇ.

ಆರನೇ ವಾರದ ಸೋಮವಾರ ಡಾಕ್ಟರು ಪರೀಕ್ಷೆ ಮಾಡಿ ಪೂರ್ತಿ ಕೆಲಸ ಎಂದು ಬರೆದರು. ಆಫೀಸರು ನನ್ನನ್ನು ಕರೆದು ಟೈಪು ಮಾಡಿದ ಎರಡು ಹಾಳೆ ಕೊಟ್ಟರು. ಎರಡರಲ್ಲೂ ಒಂದೇ ಒಕ್ಕಣೆ: ಇಂದಿನಿಂದ ಪೂರ್ತಿ ಕೆಲಸಕ್ಕೆ ಮರಳಿದ್ದಾಳೆ.

"ಒಂದರ ಮೇಲೆ ರುಜು ಹಾಕಿ ನನಗೆ ವಾಪಸ್ ಕೊಡು, ಫೈಲಿಗೆ. ಇನ್ನೊಂದು ಮನೆಗೆ."

ಮನೆಗೆ ಎಂದ ಹಾಳೆಯ ಕೆಳಗೆ, ಅಕ್ಷರಗಳಿಂದ ದೂರದಲ್ಲಿ, ಪೆನ್ಸಿಲಿನಲ್ಲಿ ಒಂದು ದುಂಡನೆಯ ಗೆರೆ ಎಳೆದಿತ್ತು. ಒಳಗೆ ಏನೂ ಇರಲಿಲ್ಲ.

"ಇದೇನು ಸಾರ್?"

"ಅದು ನಿಮ್ಮಮ್ಮನ ಜಾಗ" ಅಂದರು.

ಅಂದು ಸಂಜೆ ಅವ್ವ ಆ ಹಾಳೆಯನ್ನು ದೇವರ ಮುಂದಿಟ್ಟು ನನ್ನ ಮುಖವನ್ನು ಮೂರು ಸಲ ನೋಡಿದಳು. "ಇಕ್ಲಾ?" ಅಂದಳು. ಸರ್ಟಿಫಿಕೇಟು ಕೆಟ್ಟ ಆ ಬೆಳಿಗ್ಗೆ ನಾನು ಆಡಿದ ಮಾತು ಅವಳಲ್ಲಿ ಇನ್ನೂ ಉಳಿದಿತ್ತು. ನಾನು ಅರಿಶಿನದ ಬಟ್ಟಲನ್ನು ಅವಳ ಕೈಗೇ ಕೊಟ್ಟು, "ಇಕ್ಕವ್ವಾ" ಅಂದೆ. ಅವಳು ಉಸಿರು ಬಿಗಿಹಿಡಿದು, ಗೆರೆ ದಾಟದ ಹಾಗೆ, ಅರಿಶಿನ ಇಟ್ಟು ಕುಂಕುಮ ಇಟ್ಟಳು. ಆಮೇಲೆ ಬೆರಳಲ್ಲಿ ಉಳಿದದ್ದನ್ನು ನನ್ನ ಹಣೆಗೆ ಒರೆಸಿದಳು.